‘ಪ್ರೀತಿಸುತ್ತೇನೆ’ ಅಂತ ಬರೆದರೆ ಅತ್ತಿಗೆ ಯಾಕೆ ನಕ್ಕರು?

ಪ್ರಶ್ನೆ: ನಮ್ಮದು ವಿರಾಜಪೇಟೆ ಹತ್ತಿರ. ನಮ್ಮ ಅತ್ತಿಗೆಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಅಣ್ಣನ 50ನೇ ಹುಟ್ಟುಹಬ್ಬಕ್ಕೆ ಸನ್ನೆ ಭಾಷೆಯಲ್ಲಿ ಒಂದು ನಿಮಿಷದ ವಿಡಿಯೋ ಮಾಡಿದ್ದಾರೆ. ನೆಂಟರಿಗೆ ತೋರಿಸಬೇಕು, ಕೆಳಗೆ ಕನ್ನಡದಲ್ಲಿ ಬರೆಯುವ ಕೆಲಸ ನನ್ನದು. ನನಗೆ ಸನ್ನೆ ಅರ್ಧಂಬರ್ಧ ಬರುತ್ತದೆ. ಒಂದು ಕಡೆ ‘ನಾನು ನಿನ್ನನ್ನು ತುಂಬಾ ಪ್ರೀತಿಸುತ್ತೇನೆ’ ಅಂತ ಬರೆದೆ. ಅತ್ತಿಗೆ ಓದಿ ನಕ್ಕು ತಲೆ ಅಲ್ಲಾಡಿಸಿದರು. ಕೊನೆಗೆ ಮೂರು ಬೆರಳು ಎತ್ತಿ ತೋರಿಸುತ್ತಾರೆ, ಅದಕ್ಕೆ ಏನು ಬರೆಯಬೇಕು ಅಂತಾನೂ ಗೊತ್ತಿಲ್ಲ. ಅನುವಾದ ಮಾಡುವವರು ಇದನ್ನೆಲ್ಲ ಹೇಗೆ ಬರೆಯುತ್ತಾರೆ?

ಉತ್ತರ: ನಿಮ್ಮ ವಿಡಿಯೋ ನಾನು ನೋಡಿಲ್ಲ. ಆದರೂ ಅತ್ತಿಗೆ ಯಾಕೆ ನಕ್ಕರು ಅಂತ ಊಹಿಸಬಲ್ಲೆ. ನಿಮ್ಮ ಮನೆಯಲ್ಲಿ, ಮಾತಾಡುವವರ ಪೈಕಿ, ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಅಂತ ಯಾರಾದರೂ ಯಾರಿಗಾದರೂ ಹೇಳಿದ್ದನ್ನು ಕೇಳಿದ್ದೀರಾ? ನಾನಂತೂ ಕೇಳಿಲ್ಲ. ಅದು ಸಿನಿಮಾದ ಮಾತು. ನಮ್ಮ ಕಡೆ ‘ಕೊಡೆ ತಗೊಂಡ್ರಾ?’ ಅನ್ನುತ್ತೇವೆ, ‘ಊಟ ಮಾಡದೆ ಮಲಗಬೇಡಿ’ ಅನ್ನುತ್ತೇವೆ. ಅತ್ತಿಗೆಯೂ ಬಹುಶಃ ಅಂಥದ್ದೇ ಏನೋ ಹೇಳಿದ್ದಾರೆ. ನೀವು ಅವರ ಬಾಯಿಗೆ ಸಿನಿಮಾ ಮಾತು ತುರುಕಿದ್ದೀರಿ.

ಈ ತಪ್ಪು ಎಲ್ಲಿಂದ ಬರುತ್ತದೆ ಅಂದ್ರೆ, ಹೊಸಬರು ವಿಡಿಯೋದಲ್ಲಿ ‘ಪ್ರೀತಿ’ ಅನ್ನುವ ಸನ್ನೆ ಎಲ್ಲಿದೆ ಅಂತ ಹುಡುಕುತ್ತಾರೆ. ಎದೆಯ ಹತ್ತಿರ ಕೈ ಹೋಯಿತೋ, ಸಿಕ್ಕಿತು ಅಂತ ಬರೆದುಬಿಡುತ್ತಾರೆ. ಸನ್ನೆ ಭಾಷೆಯಲ್ಲಿ ಅಕ್ಕರೆ ಇರುವುದು ಆ ಒಂದು ಸನ್ನೆಯಲ್ಲಿ ಕಡಿಮೆ. ಬೇರೆ ಸನ್ನೆಗಳನ್ನು ಮಾಡುವ ರೀತಿಯಲ್ಲೇ ಜಾಸ್ತಿ. ಅಮೆರಿಕದ ವಿದ್ವಾಂಸ ವಿಲಿಯಂ ಸ್ಟೋಕಿ 1960ರಲ್ಲಿ ಒಂದು ಸನ್ನೆಯನ್ನು ಮೂರು ಭಾಗವಾಗಿ ಬಿಡಿಸಿ ತೋರಿಸಿದರು: ಕೈಯ ಆಕಾರ, ಮಾಡುವ ಜಾಗ, ಚಲನೆ. ಆಮೇಲೆ ಬಂದವರು ಅಂಗೈ ಯಾವ ಕಡೆ ತಿರುಗಿದೆ ಅನ್ನುವುದನ್ನೂ ಮುಖಭಾವವನ್ನೂ ಸೇರಿಸಿದರು. ಆಕಾರ ಮತ್ತು ಜಾಗ ನಿಮಗೆ ‘ಏನು’ ಅನ್ನುವುದನ್ನು ಹೇಳುತ್ತವೆ. ಚಲನೆ ಮತ್ತು ಮುಖ ‘ಹೇಗೆ’ ಅನ್ನುವುದನ್ನು ಹೇಳುತ್ತವೆ. ನಿಮಗೆ ಬೇಕಾದ್ದು ಈ ಎರಡನೆಯದು.

ಮಾತಲ್ಲಿ ಹೇಳಿದರೆ ತಿಳಿಯುವುದಿಲ್ಲ. ನಾನು ಮಾಡಿದ ಒಂದು ಕೆಲಸವನ್ನೇ ಬಿಡಿಸಿ ಹೇಳುತ್ತೇನೆ. ಸಿದ್ದಾಪುರದ ಕಡೆಯ ಕಾಫಿ ತೋಟದ ಮನೆ. ಹೆಂಡತಿಗೆ ಕಿವಿ ಕೇಳಿಸುವುದಿಲ್ಲ, ಗಂಡನಿಗೆ ಕೇಳಿಸುತ್ತದೆ. ಮದುವೆಯ 25ನೇ ವರ್ಷಕ್ಕೆ ಆಕೆ ಮಾಡಿದ ವಿಡಿಯೋದ ಒಂದು ತುಂಡು ಇದು. ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ.

ಮೊದಲ ಎರಡು ಸಲ ನಾನು ಪೆನ್ನು ಮುಟ್ಟುವುದಿಲ್ಲ, ಸುಮ್ನೆ ನೋಡುತ್ತೇನೆ. ಮೂರನೇ ಸಲ ಒಂದೊಂದೇ ಸನ್ನೆಗೆ ಒಂದೊಂದು ಪದ ಇಟ್ಟು ಕಚ್ಚಾ ಪಟ್ಟಿ ಮಾಡುತ್ತೇನೆ. ಇಂಗ್ಲಿಷಿನಲ್ಲಿ ಇದನ್ನು ದೊಡ್ಡಕ್ಷರದಲ್ಲಿ ಬರೆಯುವ ರೂಢಿ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಇಲ್ಲವಲ್ಲ, ಅದಕ್ಕೆ ನಾನು ಸನ್ನೆಗಳ ನಡುವೆ ಗೆರೆ ಎಳೆಯುತ್ತೇನೆ. ಮುಖ, ವೇಗ, ದಿಕ್ಕು ಎಲ್ಲವೂ ಕಂಸದಲ್ಲಿ. ಆ ತುಂಡು ಹೀಗೆ ಬಂತು:

ಮಳೆ (ಹುಬ್ಬು ಮೇಲೆ, ತಡೆ) | ನೀನು | ತೋಟ | ಹೋಗು (ಬಲಕ್ಕೆ, ದೂರ)
ನಾನು | ಬಾಗಿಲು | ನೋಡು (ಅದೇ ಬಲಕ್ಕೆ, ನಿಧಾನ, ನಾಲ್ಕು ಸಲ)
ಎಡಗೈ: ಕಾಫಿ ಲೋಟ (ಹಿಡಿದದ್ದು ಬಿಡುವುದಿಲ್ಲ). ಬಲಗೈ: ಬಿಸಿ | ಆರು | ಬಿಸಿ | ಆರು
ನೀನು | ಬಾ (ಬಲದಿಂದ ತನ್ನ ಕಡೆಗೆ) | ಲೋಟ ಕೊಡು
ಅಂಗೈ ಎದೆಯ ಮೇಲೆ (ಕಣ್ಣು ಮುಚ್ಚಿ, ಮೂರು ಸೆಕೆಂಡ್)

ಇದನ್ನು ಹಾಗೇ ವಾಕ್ಯ ಮಾಡಿದರೆ ಏನಾಗುತ್ತದೆ ನೋಡಿ. ‘ಮಳೆ ಬರುತ್ತಿದೆಯಾ? ನೀನು ತೋಟಕ್ಕೆ ಹೋದೆ. ನಾನು ಬಾಗಿಲು ನೋಡಿದೆ. ಕಾಫಿ ಬಿಸಿಯಾಯಿತು, ಆರಿತು, ಬಿಸಿಯಾಯಿತು, ಆರಿತು. ನೀನು ಬಂದೆ, ಲೋಟ ಕೊಟ್ಟೆ. ನಾನು ನಿನ್ನನ್ನು ಪ್ರೀತಿಸುತ್ತೇನೆ.’ ಒಂದು ಪದವೂ ಬಿಟ್ಟಿಲ್ಲ. ಆದರೆ ಓದಿದವರಿಗೆ ಈಕೆಗೆ ಭಾಷೆಯೇ ಸರಿಯಾಗಿ ಬರುವುದಿಲ್ಲವೇನೋ ಅನಿಸುತ್ತದೆ. ಸನ್ನೆ ಭಾಷೆ ಅಂದ್ರೆ ಮುರುಕು ಭಾಷೆ ಅಂತ ಜನ ತಿಳಿಯುವುದಕ್ಕೆ ಇಂಥ ಅನುವಾದವೇ ದೊಡ್ಡ ಕಾರಣ.

ಇದು ಎಲ್ಲೆಲ್ಲಿ ಎಡವಿತು ಅಂತ ಒಂದೊಂದಾಗಿ ನೋಡೋಣ. ಮೊದಲನೆಯದು ಹುಬ್ಬು. ಹುಬ್ಬು ಏರಿತು ಅಂದ ಕೂಡಲೇ ಪ್ರಶ್ನೆ ಅಂತ ಎಲ್ಲರೂ ತಿಳಿಯುತ್ತಾರೆ. ಹೌದು, ‘ಹೌದಾ, ಅಲ್ವಾ’ ಅನ್ನುವ ಪ್ರಶ್ನೆಗೆ ಹುಬ್ಬು ಏರುತ್ತದೆ. ಆದರೆ ‘ಈಗ ಈ ವಿಷಯ ಹೇಳ್ತೀನಿ’ ಅನ್ನುವುದಕ್ಕೂ, ‘ಹೀಗಾದರೆ’ ಅನ್ನುವುದಕ್ಕೂ ಏರುತ್ತದೆ. ಗುರುತು ಹಿಡಿಯುವುದು ಸುಲಭ. ಪ್ರಶ್ನೆಯಾದರೆ ಕೇಳಿದವರು ಉತ್ತರಕ್ಕೆ ಕಾಯುತ್ತಾರೆ, ಕೈ ಅಲ್ಲೇ ನಿಲ್ಲುತ್ತದೆ, ಕಣ್ಣು ನಿಮ್ಮ ಮೇಲೇ ಇರುತ್ತದೆ. ಇಲ್ಲಿ ಆಕೆ ಅರೆಗಳಿಗೆ ತಡೆದು ಹುಬ್ಬು ಇಳಿಸಿ ತಾನೇ ಮುಂದುವರಿದರು. ಕನ್ನಡದಲ್ಲಿ ಇದಕ್ಕೆ ಸರಿಯಾದ ಮಾತೇ ಇದೆ: ‘ಮಳೆ ಹಿಡೀತು ಅಂದ್ರೆ’. ಮೊದಲ ಸಲ ನಾನೂ ಪ್ರಶ್ನೆ ಅಂತಲೇ ಬರೆದಿದ್ದೆ, ಸುಳ್ಳು ಹೇಳುವುದಿಲ್ಲ.

ಎರಡನೆಯದು ಆ ‘ನೋಡು’. ಕಣ್ಣಿನ ಮುಂದಿನಿಂದ ಎರಡು ಬೆರಳು ಹೊರಟು ಬಲಗಡೆಗೆ ಹೋಗುತ್ತವೆ. ಎಲ್ಲಿಗೆ? ಸ್ವಲ್ಪ ಹೊತ್ತಿನ ಮುಂಚೆ ಗಂಡ ‘ಹೋದ’ ಜಾಗಕ್ಕೇ. ಗಾಳಿಯಲ್ಲಿ ಆ ಜಾಗ ಈಗ ಅವರದ್ದು, ಅಂದರೆ ಆಕೆ ನೋಡುತ್ತಿರುವುದು ಬಾಗಿಲನ್ನಲ್ಲ. ಬಾಗಿಲಲ್ಲಿ ನಿಂತು ಅವರು ಹೋದ ದಾರಿಯನ್ನು. ಇನ್ನು ನಿಧಾನವಾಗಿ ನಾಲ್ಕು ಸಲ ಮಾಡಿದ್ದು ಎಣಿಕೆಯಲ್ಲ, ‘ನಾಲ್ಕು ಸಲ ನೋಡಿದೆ’ ಅಂತ ಅರ್ಥ ಅಲ್ಲ. ತುಂಬ ಹೊತ್ತು ನೋಡುತ್ತಲೇ ಇದ್ದೆ ಅಂತ ಅರ್ಥ. ಇಂಗ್ಲಿಷಿಗೆ ಅನುವಾದ ಮಾಡುವವರು ಇಲ್ಲಿ ಒದ್ದಾಡುತ್ತಾರೆ. ನಮಗೆ ಆ ಕಷ್ಟ ಇಲ್ಲ. ಸನ್ನೆ ಎರಡೆರಡು ಸಲ ಆದಂತೆ ನಮ್ಮ ಮಾತೂ ಎರಡೆರಡು ಸಲ ಆಗುತ್ತದೆ: ‘ನೋಡಿ ನೋಡಿ’, ‘ಕಾದು ಕಾದು’. ಹೊಸಬರು ಇಂಥ ಕಡೆ ‘ತುಂಬಾ’ ಸೇರಿಸುತ್ತಾರೆ. ನೀವೂ ಸೇರಿಸಿದ್ದೀರಿ. ಸನ್ನೆ ನಿಧಾನವಾದರೆ, ಗಟ್ಟಿಯಾದರೆ, ಕೈ ತಡೆದು ನಿಂತರೆ ಅದಕ್ಕೆಲ್ಲ ‘ತುಂಬಾ’ ಒಂದೇ ಔಷಧ ಅಲ್ಲ. ಕ್ರಿಯಾಪದವನ್ನೇ ಬದಲಾಯಿಸಿ ನೋಡಿ.

ಮೂರನೆಯದೇ ನನಗೆ ಬಹಳ ಇಷ್ಟವಾದ ಜಾಗ. ಎಡಗೈ. ಆಕೆ ಎಡಗೈಯಲ್ಲಿ ಲೋಟ ಹಿಡಿದ ಆಕಾರ ಮಾಡಿದ್ದಾರೆ. ಬಲಗೈ ಬಿಸಿ, ಆರು, ಬಿಸಿ, ಆರು ಅಂತ ತನ್ನ ಪಾಡಿಗೆ ಮಾತಾಡುತ್ತಿದೆ. ಎಡಗೈ ಹಾಗೇ ಇದೆ. ಮಾತಿನಲ್ಲಿ ನಾವು ಒಂದು ಸಲಕ್ಕೆ ಒಂದೇ ಪದ ಹೇಳಬಲ್ಲೆವು. ಸನ್ನೆಯಲ್ಲಿ ಎರಡು ಕೈ ಎರಡು ವಿಷಯ ಹೇಳಬಹುದು. ಇಲ್ಲಿ ಪ್ರೀತಿ ಇರುವುದು ಏನೂ ಹೇಳದೆ ಸುಮ್ಮನಿರುವ ಆ ಎಡಗೈಯಲ್ಲಿ. ಕಚ್ಚಾ ಪಟ್ಟಿಯಲ್ಲಿ ಬಲಗೈ ಮಾತ್ರ ಬರೆದುಕೊಂಡರೆ ಇದು ಪೂರ್ತಿ ಕಳೆದುಹೋಗುತ್ತದೆ. ಆಮೇಲೆ ಎಷ್ಟು ಚೆಂದದ ಪದ ಹಾಕಿದರೂ ವಾಪಸ್ ಬರುವುದಿಲ್ಲ. ಅದಕ್ಕೇ ನಾನು ವಿಡಿಯೋವನ್ನು ಒಂದು ಸಲ ಎಡಗೈ ಮಾತ್ರ ನೋಡಿಕೊಂಡು ಓಡಿಸುತ್ತೇನೆ. ನೀವೂ ಮಾಡಿ.

ಬರವಣಿಗೆಯಲ್ಲಿ ಎರಡು ಕೈ ಒಟ್ಟಿಗೆ ತರುವುದು ಹೇಗೆ? ಕನ್ನಡದ ‘ಕೊಂಡು’ ಇದೆಯಲ್ಲ, ಅದರಿಂದ. ‘ಹಿಡಿದುಕೊಂಡು’ ಅಂದರೆ ಒಂದು ಕೆಲಸ ನಡೆಯುವಾಗ ಇನ್ನೊಂದು ಹಾಗೇ ಇದೆ ಅಂತ. ಅದಕ್ಕೊಂದು ‘ಏ’ ಸೇರಿಸಿ ‘ಹಿಡ್ಕೊಂಡೇ’ ಅನ್ನಿ. ಬಿಡದ ಕೈ ಕಣ್ಣಿಗೆ ಬರುತ್ತದೆ. ನಮ್ಮ ಕ್ರಿಯಾಪದದ ಬಾಲದಲ್ಲಿ ಇಂಥ ಸಾಮಾನು ಎಷ್ಟೋ ಇದೆ: ಆರಿತು, ಆರಿಹೋಯಿತು, ಆರಿಬಿಟ್ಟಿತು. ಮೂರಕ್ಕೂ ಮುಖ ಬೇರೆ. ಆಕೆ ‘ಆರು’ ಅನ್ನುವಾಗ ಬಾಯಿಯ ಮೂಲೆ ಸ್ವಲ್ಪ ಕೆಳಗಿಳಿದಿತ್ತು, ‘ಅಯ್ಯೋ’ ಅನ್ನುವ ಹಾಗೆ. ಅದು ‘ಆರಿಹೋಗುತ್ತೆ’.

ಇನ್ನು ಕೊನೆಯ ಅಂಗೈ. ಎದೆಯ ಮೇಲೆ ಕೈ, ಕಣ್ಣು ಮುಚ್ಚಿದೆ, ಮೂರು ಸೆಕೆಂಡ್ ಅಲುಗಿಲ್ಲ. ಮೊದಲು ನಾನು ಬರೆದದ್ದು ‘ಹೋದ ಜೀವ ಬಂದ ಹಾಗಾಗುತ್ತೆ’. ಓದಲು ಚೆನ್ನಾಗಿದೆ ಅಲ್ವಾ? ಬರೆದದ್ದು ಸರಿಯೋ ಅಂತ ನೋಡಲು ನನ್ನದೊಂದು ಪದ್ಧತಿ ಇದೆ. ನನ್ನ ಕನ್ನಡವನ್ನು ವಾಪಸ್ ಸನ್ನೆ ಮಾಡಿ ಅವರಿಗೇ ತೋರಿಸುತ್ತೇನೆ. ಆಕೆ ನೋಡಿ ಕೈ ಬೀಸಿ ‘ಬೇಡ’ ಅಂದರು. ಸತ್ತು ಬದುಕುವಷ್ಟು ದೊಡ್ಡದು ಏನೂ ಇಲ್ಲ, ದಿನಾ ನಡೆಯುವುದು ಇದು, ಅಂತ. ಆಮೇಲೆ ‘ಎದೆ ತಣ್ಣಗಾಗುತ್ತೆ’ ಅಂತ ಬರೆದೆ. ಕಾಫಿ ತಣ್ಣಗಾಗುವುದು, ಎದೆ ತಣ್ಣಗಾಗುವುದು, ಆಹಾ ಅಂತ ನನಗೇ ಖುಷಿ ಆಯಿತು. ರಾತ್ರಿ ಮತ್ತೆ ವಿಡಿಯೋ ನೋಡಿದೆ. ಕಾಫಿ ಆರುವ ಸನ್ನೆಗೂ ಎದೆಯ ಸನ್ನೆಗೂ ಏನೂ ಸಂಬಂಧ ಇಲ್ಲ. ಆ ಚಮತ್ಕಾರ ನನ್ನದು, ಆಕೆಯದ್ದಲ್ಲ. ತೆಗೆದುಹಾಕಿದೆ. ಬಾಯಲ್ಲಿ ಮಾತಾಡುವವರ ಮಾತನ್ನು ಅಲಂಕಾರ ಮಾಡಿದರೆ ಕೇಳಿದವರು ಹಿಡಿಯುತ್ತಾರೆ. ಸನ್ನೆಯವರದ್ದು ಮಾಡಿದರೆ ಆ ಕೋಣೆಯಲ್ಲಿ ಹಿಡಿಯುವವರು ಯಾರೂ ಇರುವುದಿಲ್ಲ, ಅದಕ್ಕೇ ಜಾಸ್ತಿ ಹುಷಾರಾಗಿರಬೇಕು.

ಕೊನೆಗೆ ನಿಂತದ್ದು ಇದು:

‘ಮಳೆ ಹಿಡೀತು ಅಂದ್ರೆ, ನೀವು ತೋಟಕ್ಕೆ ಹೋದ ದಾರಿ ನೋಡಿ ನೋಡಿ ಬಾಗಿಲಲ್ಲೇ ನಿಂತಿರ್ತೀನಿ. ಕಾಫಿ ಆರಿಹೋಗುತ್ತೆ. ಬಿಸಿ ಮಾಡ್ತೀನಿ, ಮತ್ತೆ ಆರುತ್ತೆ. ಲೋಟ ಹಿಡ್ಕೊಂಡೇ ಇರ್ತೀನಿ. ನೀವು ಬಂದು ಕೈಗೆ ತಗೊಂಡ ಮೇಲೆ ನನಗೆ ನೆಮ್ಮದಿ.’

‘ಪ್ರೀತಿ’ ಅನ್ನುವ ಪದ ಇಲ್ಲಿ ಇಲ್ಲ. ಆಕೆಯೂ ಆ ಸನ್ನೆ ಮಾಡಿರಲಿಲ್ಲ. ಅಮೆರಿಕದ ಸನ್ನೆ ಭಾಷೆಯಲ್ಲಿ ಎರಡು ಮುಷ್ಟಿ ಎದೆಯ ಮೇಲೆ ಕತ್ತರಿಯಂತೆ ಇಟ್ಟರೆ ಪ್ರೀತಿ. ನಮ್ಮಲ್ಲಿ ಊರಿಂದ ಊರಿಗೆ, ಶಾಲೆಯಿಂದ ಶಾಲೆಗೆ ಸನ್ನೆಗಳು ಬದಲಾಗುತ್ತವೆ. ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2021ರ ಹೊತ್ತಿಗೆ 10,000 ಪದಗಳ ನಿಘಂಟು ಮಾಡಿದೆ. ವಿಡಿಯೋ ನಿಘಂಟು, ನೋಡಿಕೊಳ್ಳಿ. ಆದರೆ ಗಂಡ ಹೆಂಡತಿ ತಮ್ಮ ನಡುವೆ ಕಟ್ಟಿಕೊಂಡ ಸನ್ನೆ ಯಾವ ನಿಘಂಟಿನಲ್ಲೂ ಸಿಗುವುದಿಲ್ಲ. ಅದಕ್ಕೆ ಅತ್ತಿಗೆಯನ್ನೇ ಕೇಳಬೇಕು. ಕೇಳುವಾಗ ‘ಇದಕ್ಕೆ ಅರ್ಥ ಏನು’ ಅನ್ನಬೇಡಿ, ಒಂದೇ ಪದದ ಉತ್ತರ ಬರುತ್ತದೆ. ‘ಇದನ್ನು ಯಾವಾಗ ಮಾಡ್ತೀರಿ’ ಅಂತ ಕೇಳಿ. ಕಥೆ ಬರುತ್ತದೆ.

ಈಗ ನೀವು ಬರೆದ ‘ನಿನ್ನನ್ನು’ ವಿಷಯ. ಸನ್ನೆಯಲ್ಲಿ ಎದುರಿಗಿರುವವರ ಕಡೆ ಬೆರಳು ತೋರಿಸಿದರೆ ಮುಗಿಯಿತು. ನೀನು, ನೀವು ಅನ್ನುವ ಭೇದ ಆ ಬೆರಳಿನಲ್ಲಿ ಇಲ್ಲ. ಅವನು, ಅವಳು, ಅವರು ಅನ್ನುವುದೂ ಇಲ್ಲ. ಕನ್ನಡದಲ್ಲಿ ಆರಿಸದೆ ಒಂದು ವಾಕ್ಯವನ್ನೂ ಮುಗಿಸಲಾಗುವುದಿಲ್ಲ, ಕ್ರಿಯಾಪದದ ಕೊನೆಯಲ್ಲಿ ಬಂದು ಕೂತಿರುತ್ತದೆ. ನಿಮ್ಮ ಅತ್ತಿಗೆ ನಕ್ಕದ್ದಕ್ಕೆ ಇದೂ ಒಂದು ಕಾರಣ ಇರಬಹುದು: ಅತ್ತೆ, ಮಾವ, ನೆಂಟರೆಲ್ಲ ಓದುವ ಕಡೆ ಅವರ ಬಾಯಲ್ಲಿ ಗಂಡನಿಗೆ ‘ನೀನು’ ಅನ್ನಿಸಿಬಿಟ್ಟಿದ್ದೀರಿ. ಕೊಡಗಿನ ಮನೆಗಳಲ್ಲಿ ಇದು ಇನ್ನೂ ಸಿಕ್ಕು. ಒಂದೇ ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ಕನ್ನಡ ಎಲ್ಲ ಓಡಾಡುತ್ತವೆ. ಒಂದೊಂದರಲ್ಲಿ ಗಂಡನನ್ನು ಕರೆಯುವ ರೀತಿ ಒಂದೊಂದು. ಕಿವಿ ಕೇಳದ ಹೆಣ್ಣುಮಗಳಿಗೆ ಆ ಮನೆಮಾತು ಕಿವಿಗೆ ಬಿದ್ದೇ ಇಲ್ಲ. ಶಾಲೆಯಲ್ಲಿ ಕಲಿತ ಬರಹದ ಕನ್ನಡವೇ ಅವರ ಕನ್ನಡ.

ಇದಕ್ಕೆ ಸುಲಭ ದಾರಿ ಇದೆ. ಅತ್ತಿಗೆ ಅಣ್ಣನಿಗೆ ಮೊಬೈಲ್‌ನಲ್ಲಿ ಮೆಸೇಜ್ ಮಾಡುತ್ತಾರಲ್ಲ, ಅಲ್ಲಿ ಏನು ಬರೆಯುತ್ತಾರೆ? ಕೇಳಿ ನೋಡಿ. ನಾನು ಹೇಳಿದ ಆ ದಂಪತಿಯ ಮನೆಯಲ್ಲಿ ಮೆಸೇಜ್‌ನಲ್ಲಿ ‘ನೀನು’ ಇತ್ತು. ನೆಂಟರೆದುರು ತೋರಿಸುವುದಕ್ಕೆ ಆಕೆಯೇ ‘ನೀವು’ ಹಾಕಿ ಅಂದರು. ಗಂಡನಿಗೆ ಅಂತ ಬೇರೆ ಒಂದು ಪ್ರತಿ ಮಾಡಿಸಿಕೊಂಡರು, ಅದರಲ್ಲಿ ‘ನೀನು’. ಎರಡೂ ಸರಿ. ಹಾಗೆಯೇ ವಿಡಿಯೋದ ಶುರುವಿನಲ್ಲಿ ಅತ್ತಿಗೆ ಕೈ ಬೀಸಿ ಕರೆದಿದ್ದರೆ ಅದನ್ನು ‘ಹಲೋ’ ಅಂತ ಬರೆಯಬೇಡಿ. ಕಿವಿ ಕೇಳದವರು ಎದುರಿಗಿರುವವರನ್ನು ಹೆಸರಿನ ಸನ್ನೆ ಮಾಡಿ ಕರೆಯುವುದಿಲ್ಲ. ಕೈ ಬೀಸುತ್ತಾರೆ, ಭುಜ ತಟ್ಟುತ್ತಾರೆ. ಮರದ ಹಲಗೆಯ ನೆಲವಾದರೆ ಕಾಲಿನಿಂದ ಕುಟ್ಟುತ್ತಾರೆ. ನಮ್ಮ ‘ರೀ’ ಇದೆಯಲ್ಲ, ಹೆಸರು ಹೇಳದೆ ಕರೆಯುವುದು, ಅದು ಇದಕ್ಕೆ ಅಳತೆ ತೆಗೆದು ಹೊಲಿಸಿದ ಹಾಗೆ ಕೂರುತ್ತದೆ.

ಮೂರು ಬೆರಳಿಗೆ ಬರೋಣ. ಹೆಬ್ಬೆರಳು, ತೋರುಬೆರಳು, ಕಿರುಬೆರಳು ಎತ್ತಿ ನಡುವಿನ ಎರಡು ಮಡಚಿದ್ದಾರೆ ಅಂತ ತಿಳಿದುಕೊಂಡಿದ್ದೇನೆ. ಹೆಬ್ಬೆರಳು ಹೊರಗಿದೆಯಾ ಅಂತ ಮೊದಲು ನೋಡಿ. ಅದೂ ಮಡಚಿದ್ದರೆ ರಾಕ್ ಸಂಗೀತದವರ ಕೊಂಬಿನ ಗುರುತು ಆಗುತ್ತದೆ, ಅದು ಬೇರೆ ವಿಷಯ. ಹೊರಗಿದ್ದರೆ ಅದು ಅಮೆರಿಕದಿಂದ ಬಂದದ್ದು. ಅಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಒಂದೇ ಕೈಯಲ್ಲಿ ತೋರಿಸುತ್ತಾರೆ. ಕಿರುಬೆರಳು ಎತ್ತಿದರೆ ‘ಐ’, ಹೆಬ್ಬೆರಳು ತೋರುಬೆರಳು ‘ಎಲ್’, ಹೆಬ್ಬೆರಳು ಕಿರುಬೆರಳು ‘ವೈ’. ಮೂರನ್ನೂ ಒಂದರ ಮೇಲೊಂದು ಇಟ್ಟರೆ ಈ ಆಕಾರ. ‘ಐ ಲವ್ ಯೂ’ದ ಮೊದಲ ಅಕ್ಷರಗಳು. ಭಾರತದಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಎರಡು ಕೈ ಸೇರಿಸಿ ತೋರಿಸುವ ಪದ್ಧತಿ, ‘ಐ’ ಅಂದ್ರೆ ಒಂದು ಕೈಯ ನಡುಬೆರಳ ತುದಿಯನ್ನು ಇನ್ನೊಂದು ಕೈಯಿಂದ ಮುಟ್ಟುವುದು. ಹಾಗಾಗಿ ಆ ಮೂರು ಬೆರಳಿನ ಒಳಲೆಕ್ಕ ನಮ್ಮ ಸನ್ನೆ ಭಾಷೆಗೆ ಸೇರಿದ್ದಲ್ಲ. 2017ರಲ್ಲಿ ಮೊಬೈಲ್‌ನ ಎಮೋಜಿಗಳ ಸಾಲಿಗೂ ಸೇರಿ, ಈಗ ಎಲ್ಲರ ಕೈಗೂ ಬಂದಿದೆ.

ಅಂದ್ರೆ ಅತ್ತಿಗೆಯ ಪಾಲಿಗೆ ಅದು ಹೊರಗಿನಿಂದ ಬಂದ ಸನ್ನೆ. ಒಂದು ಚೂರು ಸ್ಟೈಲು, ಒಂದು ಚೂರು ತಮಾಷೆ. ಇದಕ್ಕೆ ‘ನಾನು ನಿಮ್ಮನ್ನು ಪ್ರೀತಿಸುತ್ತೇನೆ’ ಅಂತ ಬರೆದರೆ ತೂಕ ಜಾಸ್ತಿಯಾಯಿತು. ಕನ್ನಡ ಮಾತಾಡುವವರು ಹೊರಗಿನಿಂದ ತಂದುಕೊಂಡ ಮಾತು ಯಾವುದು? ‘ಲವ್ ಯೂ’. ಅದನ್ನೇ ಬರೆಯಿರಿ, ಕನ್ನಡ ಅಕ್ಷರದಲ್ಲಿ. ಅಲ್ಲೂ ಎರವಲು, ಇಲ್ಲೂ ಎರವಲು. ಆದರೆ ಒಂದು ಎಚ್ಚರ. ಕಿವಿ ಕೇಳದವರ ಕೂಟಗಳಲ್ಲಿ ಇದೇ ಸನ್ನೆಯನ್ನು ಗುಂಪಿನ ಫೋಟೋಕ್ಕೂ, ಹೊರಡುವಾಗ ‘ಬರ್ತೀನಿ’ ಅನ್ನುವುದಕ್ಕೂ ಮಾಡುತ್ತಾರೆ. ಅತ್ತಿಗೆ ಅಣ್ಣನ ಕಡೆ ಅಂದರೆ ಕ್ಯಾಮೆರಾ ಕಡೆ ನೆಟ್ಟಗೆ ನೋಡುತ್ತಾ ಮಾಡಿದ್ದರೆ ‘ಲವ್ ಯೂ’. ಎಲ್ಲರ ಕಡೆ ಕಣ್ಣಾಡಿಸಿ, ಕೈ ಅತ್ತಿತ್ತ ಆಡಿಸುತ್ತಾ ಮಾಡಿದ್ದರೆ ‘ಎಲ್ಲರಿಗೂ ಪ್ರೀತಿ, ಬರ್ತೀನಿ’ ಸಾಕು.

ವಿಡಿಯೋದ ಮೇಲೆ ಬರೆಯುವಾಗ ಅಕ್ಷರ ಕೈಗೆ ಅಡ್ಡ ಬರಬಾರದು. ಸನ್ನೆ ಸೊಂಟದಿಂದ ತಲೆಯವರೆಗೆ ನಡೆಯುತ್ತದೆ, ಮಾಮೂಲಿನಂತೆ ಕೆಳಗೆ ಹಾಕಿದರೆ ಕೈ ಮುಚ್ಚಿಹೋಗಬಹುದು. ಜಾಗ ಇಲ್ಲದಿದ್ದರೆ ಚಿತ್ರವನ್ನು ಸ್ವಲ್ಪ ಚಿಕ್ಕದು ಮಾಡಿ ಕೆಳಗೆ ಕಪ್ಪು ಪಟ್ಟಿ ಬಿಡಿ. ಒಂದು ಸಲಕ್ಕೆ ಎರಡು ಸಾಲಿಗಿಂತ ಜಾಸ್ತಿ ಬೇಡ. ಸನ್ನೆ ಶುರುವಾದ ಮೇಲೆ ಸಾಲು ಬರಲಿ, ಮುಂಚೆ ಬಂದರೆ ನೆಂಟರು ಓದಿ ಮುಗಿಸಿ ಕಾಯುತ್ತಾ ಕೂರುತ್ತಾರೆ. ಕೈ ಅಲುಗದೆ ನಿಂತ ಕಡೆ, ಆ ಮೂರು ಸೆಕೆಂಡಿನಂಥ ಜಾಗದಲ್ಲಿ, ಹಿಂದಿನ ಸಾಲನ್ನೂ ತೆಗೆದು ಖಾಲಿ ಬಿಡಿ. ಜನ ಆಗ ಅಕ್ಷರ ಬಿಟ್ಟು ಮುಖ ನೋಡುತ್ತಾರೆ.

ಇನ್ನೊಂದು. ಅಂದು ವಿಡಿಯೋ ಹಾಕುವಾಗ ಚೆನ್ನಾಗಿ ಕಾಣಲಿ ಅಂತ ಹಾಲಿನ ದೀಪ ಪೂರ್ತಿ ಆರಿಸಬೇಡಿ. ನೋಡಿ ಮುಗಿಸಿದ ಅಣ್ಣ ತಿರುಗಿ ಏನಾದರೂ ಹೇಳುತ್ತಾರೆ. ಕತ್ತಲಲ್ಲಿ ಅತ್ತಿಗೆಗೆ ಅವರ ಕೈ ಕಾಣುವುದಿಲ್ಲ.